ಬೇಡ ಎಂದ ಮೇಲೆ ಯಾಕೆ ಬೇಡ ಎಂದೂ ಹೇಳಬೇಕು

ಕಳೆದ ಮಾರ್ಚಿನಲ್ಲಿ ನಾನೊಂದು ಲೇಖನವನ್ನು ತಿರಸ್ಕರಿಸಿದೆ. ಸಂಶೋಧನಾ ಪತ್ರಿಕೆಯೊಂದನ್ನು ನಡೆಸುವವರಿಗೆ ಇದು ಹೇಳಿಕೊಳ್ಳುವಂಥ ಸುದ್ದಿಯಲ್ಲ, ನಮ್ಮ ಕೆಲಸದ ಮುಕ್ಕಾಲು ಪಾಲು ಅದೇ. ಆದರೆ ಈ ಸಲ ತಿರಸ್ಕಾರದ ಪತ್ರವೇ ನಾಲ್ಕು ಪುಟ ಆಯಿತು. ಕಳಿಸುವ ಮುಂಚೆ ಸಂಪಾದಕ ಮಂಡಳಿಯ ಇಬ್ಬರಿಗೆ ತೋರಿಸಿದೆ. ಒಬ್ಬರು, "ಇಷ್ಟು ಬರೆಯೋ ಬದಲು ಲೇಖನಾನೇ ತಿದ್ದಿ ಹಾಕಬಹುದಿತ್ತಲ್ಲ ಮಾರಾಯ್ರೇ" ಎಂದು ನಕ್ಕರು. ಇನ್ನೊಬ್ಬರು ನಗಲಿಲ್ಲ. "ಬೇಡ ಅಂದಮೇಲೆ ಕಾರಣ ಯಾಕ್ರೀ ಕೊಡಬೇಕು? ಅದೂ ದೇವರ ವಿಷಯ. ಕಾರಣ ಕೊಟ್ಟಲ್ಲಿ ಹಿಡಕೊಂಡು ಜಗಳಕ್ಕೆ ಬರ್ತಾರೆ. 'ನಮ್ಮ ಪತ್ರಿಕೆಯ ವ್ಯಾಪ್ತಿಗೆ ಬರುವುದಿಲ್ಲ' ಅಂತ ಒಂದು ಸಾಲು ಬರೆದು ಮುಗಿಸಿ" ಎಂದರು.

ಮೊದಲನೆಯವರಿಗೆ ಉತ್ತರ ಕೊಡುವ ಅಗತ್ಯವಿಲ್ಲ. ಎರಡನೆಯವರಿಗೆ ಅವತ್ತು ಎದುರಿಗೆ ಉತ್ತರ ಕೊಡಲಾಗಲಿಲ್ಲ, ಅವರು ನನಗಿಂತ ಹದಿನೈದು ವರ್ಷ ಹಿರಿಯರು. ಇಲ್ಲಿ ಕೊಡುತ್ತಿದ್ದೇನೆ. ಅವರು ಹೇಳಿದ ಆ ಒಂದು ಸಾಲು ಸುಳ್ಳು. ಧರ್ಮದ ಅಧ್ಯಯನದಲ್ಲಿ ಅದು ಬರೀ ಸುಳ್ಳಲ್ಲ, ಆ ಕ್ಷೇತ್ರವನ್ನೇ ಹಾಳುಮಾಡುತ್ತಿರುವ ಸುಳ್ಳು.

ಮೊದಲು ಲೇಖನ ಏನಿತ್ತು ಹೇಳುತ್ತೇನೆ. ಬರೆದಾಕೆಯ ಗುರುತು ಬಿಟ್ಟುಕೊಡುವ ವಿವರಗಳನ್ನು ತೆಗೆದಿದ್ದೇನೆ, ಆಕೆಯನ್ನು ಕೇಳಿಯೇ ಬರೆಯುತ್ತಿದ್ದೇನೆ. ಮಹಾರಾಷ್ಟ್ರದಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ಮನೆತನ ವಿಜಯಪುರದ ಕಡೆಯದು, ತಲೆಮಾರುಗಳಿಂದ ಪಂಢರಪುರದ ವಾರಿಗೆ ನಡೆದು ಹೋಗುವವರು. ನಲವತ್ತೆರಡು ಪುಟದ ಲೇಖನ. ವಾದ ಇಷ್ಟು: ವಿಠ್ಠಲ ಮೂಲದಲ್ಲಿ ಕನ್ನಡದ ದೇವರು. ಹೆಸರು ಕನ್ನಡದ್ದು, ಶಾಸನ ಕನ್ನಡದ್ದು, ಜ್ಞಾನೇಶ್ವರರ ಹೆಸರಿನಲ್ಲಿರುವ ಅಭಂಗದಲ್ಲೇ ಅವನನ್ನು 'ಕಾನಡಾ' ಎಂದು ಕರೆದಿದೆ, ಹಂಪಿಯಲ್ಲಿ ಅವನ ಗುಡಿ ಇದೆ, ಪುರಂದರದಾಸರ ಅಂಕಿತದಲ್ಲಿ ಅವನ ಹೆಸರಿದೆ. ಆದ್ದರಿಂದ ಪಂಢರಪುರದ ಭಕ್ತಿ ನಮ್ಮದು.

ಪುಣೆ, ಸೊಲ್ಲಾಪುರ, ಮುಂಬಯಿಯ ಕನ್ನಡ ಸಂಘಗಳಲ್ಲಿ ಕೂತವರಿಗೆ ಈ ವಾದ ಹೊಸದಲ್ಲ. ನವೆಂಬರಿನ ಭಾಷಣಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಮಾತು ಅದು. ನಾನೂ ತಟ್ಟಿದ್ದೇನೆ.

ಲೇಖನ ಇಬ್ಬರು ಪರಿಶೀಲಕರ ಬಳಿ ಹೋಗಿ ಬಂತು. ಒಬ್ಬರು ಬರೆದದ್ದು: ಲೇಖಕಿ ಭಕ್ತೆಯೇ ಹೊರತು ಸಂಶೋಧಕಿಯಲ್ಲ, ತಿರಸ್ಕರಿಸಿ. ಇನ್ನೊಬ್ಬರು ಬರೆದದ್ದು: ಸಂತ ಪರಂಪರೆಯನ್ನು ಭಾಷೆಯ ರಾಜಕೀಯಕ್ಕೆ ಎಳೆದು ತಂದಿದ್ದಾರೆ, ಶ್ರದ್ಧೆಯ ಕೊರತೆ ಕಾಣುತ್ತದೆ, ತಿರಸ್ಕರಿಸಿ. ಒಬ್ಬರಿಗೆ ಭಕ್ತಿ ಹೆಚ್ಚಾಯಿತು, ಇನ್ನೊಬ್ಬರಿಗೆ ಕಮ್ಮಿಯಾಯಿತು. ತೀರ್ಪು ಮಾತ್ರ ಒಂದೇ. ಇಬ್ಬರ ಟಿಪ್ಪಣಿಯನ್ನೂ ಹಾಗೇ ಮಡಚಿ ಲಗತ್ತಿಸಿ 'ಪರಿಶೀಲಕರ ಅಭಿಪ್ರಾಯ ನೋಡಿಕೊಳ್ಳಿ' ಎಂದು ಕಳಿಸುವುದು ಈಗಿನ ಪದ್ಧತಿ. ಇದನ್ನು ಪಾರದರ್ಶಕತೆ ಎನ್ನುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಸಂಪಾದಕ ತನ್ನ ಕೆಲಸವನ್ನು ಅಂಚೆಯವನಿಗೆ ವಹಿಸಿದಂತೆ. ಆ ಎರಡು ಟಿಪ್ಪಣಿಗಳನ್ನು ಒಟ್ಟಿಗೆ ಓದಿದ ಹುಡುಗಿ ಏನು ತಿದ್ದಬೇಕು? ಭಕ್ತಿಯನ್ನು ಕಡಿಮೆ ಮಾಡಬೇಕೋ ಹೆಚ್ಚು ಮಾಡಬೇಕೋ?

ಎರಡು ಟಿಪ್ಪಣಿಗಳೂ ಲೇಖಕಿಯ ಬಗ್ಗೆ ಇದ್ದವು, ಲೇಖನದ ಬಗ್ಗೆ ಇರಲಿಲ್ಲ. ಧರ್ಮದ ಮೇಲಿನ ಬರಹ ಕೈಗೆ ಬಂದ ಕೂಡಲೇ ನಾವು 'ಇವರು ಯಾರು, ಯಾವ ಕಡೆಯವರು' ಎಂದು ನೋಡುತ್ತೇವೆ. ನಾಣ್ಯಗಳ ಮೇಲೋ ನೀರಾವರಿಯ ಮೇಲೋ ಬರೆದವರನ್ನು ಹಾಗೆ ನೋಡುವುದಿಲ್ಲ. ಭಕ್ತೆಯಾಗಿರುವುದು ದೋಷವಲ್ಲ. ಲೇಖನದಲ್ಲಿ ದೋಷವಿದ್ದದ್ದು ಕೆಲವು ವಾಕ್ಯಗಳಲ್ಲಿ, ಮತ್ತು ಅದನ್ನು ವಾಕ್ಯ ತೋರಿಸಿಯೇ ಹೇಳಬಹುದಿತ್ತು.

ಉದಾಹರಣೆಗೆ ಒಂದು ವಾಕ್ಯ: 'ಭಾನುದಾಸರು ವಿಜಯನಗರದಿಂದ ವಿಗ್ರಹವನ್ನು ಮರಳಿ ಪಂಢರಪುರಕ್ಕೆ ತಂದರು.' ಏಕನಾಥರ ಮುತ್ತಜ್ಜ ಭಾನುದಾಸರ ಈ ಕಥೆ ವಾರಕರಿಗಳಲ್ಲಿ ಎಲ್ಲರಿಗೂ ಗೊತ್ತು. ಆದರೆ ಲೇಖಕಿ ಅದಕ್ಕೆ ಕೊಟ್ಟ ಆಧಾರ ಮಹೀಪತಿಯ 'ಭಕ್ತವಿಜಯ'. ಅದು ಮುಗಿದದ್ದು 1762ರಲ್ಲಿ, ಭಾನುದಾಸರ ಕಾಲಕ್ಕೆ ಎರಡು ಶತಮಾನಕ್ಕೂ ಹೆಚ್ಚು ಈಚೆಗೆ. 'ತಂದರು' ಎಂಬುದನ್ನು 'ತಂದರೆಂದು ಮಹೀಪತಿ ಹೇಳುತ್ತಾನೆ' ಎಂದು ಬದಲಿಸಿದರೆ ಸಾಕು, ವಾಕ್ಯ ನಿಲ್ಲುತ್ತದೆ. ಅಷ್ಟೇ ಅಲ್ಲ, ಹೊಸ ಪ್ರಶ್ನೆಯೊಂದು ಹುಟ್ಟುತ್ತದೆ: ಹದಿನೆಂಟನೆಯ ಶತಮಾನದ ಮರಾಠಿ ಕವಿಗೆ, ದೇವರು ಕರ್ನಾಟಕಕ್ಕೆ ಹೋಗಿ ಬಂದ ಕಥೆ ಯಾಕೆ ಮುಖ್ಯವಾಯಿತು? ಭಕ್ತಿಯನ್ನು ಒಂದು ಗುಲಗಂಜಿಯಷ್ಟೂ ಬಿಟ್ಟುಕೊಡದೆ ಆಕೆ ಇದನ್ನು ಮಾಡಬಹುದು. ಮನೆಯಲ್ಲಿ ಆರತಿ ಎತ್ತುವಾಗ ಭಾನುದಾಸರು ತಂದರು. ಲೇಖನದಲ್ಲಿ ತಂದರೆಂದು ಮಹೀಪತಿ ಹೇಳುತ್ತಾನೆ. ಎರಡೂ ಒಬ್ಬರ ಬಾಯಲ್ಲೇ ಬರಬಹುದು.

'ಭಕ್ತೆಯೇ ಹೊರತು ಸಂಶೋಧಕಿಯಲ್ಲ' ಎಂಬ ಟಿಪ್ಪಣಿ ಈ ಸಣ್ಣ ತಿದ್ದುಪಡಿಯನ್ನು ಮುಚ್ಚಿಟ್ಟು ಅದರ ಜಾಗದಲ್ಲಿ ಅವಮಾನವನ್ನು ಇಟ್ಟಿತ್ತು.

ಇನ್ನು ನನ್ನ ಪತ್ರಕ್ಕೆ ಬರುತ್ತೇನೆ. ಮೊದಲ ವಾಕ್ಯದಲ್ಲೇ ತೀರ್ಮಾನ ಹೇಳಿದೆ: ಈ ಲೇಖನವನ್ನು ನಾವು ಪ್ರಕಟಿಸುವುದಿಲ್ಲ. 'ತಮ್ಮ ಶ್ರಮ ಶ್ಲಾಘನೀಯ' ಎಂದು ಎರಡು ಪ್ಯಾರಾ ಜೇನು ಸವರಿ ಮೂರನೆಯದರಲ್ಲಿ 'ಆದಾಗ್ಯೂ' ಎನ್ನುವ ಪತ್ರಗಳನ್ನು ನಾನು ಪಡೆದಿದ್ದೇನೆ. ಅವನ್ನು ಓದುವಾಗ ಆ 'ಆದಾಗ್ಯೂ' ಎಲ್ಲಿದೆ ಎಂದು ಕಣ್ಣು ಹುಡುಕುತ್ತಿರುತ್ತದೆ, ಮೆಚ್ಚುಗೆಯ ಒಂದು ಮಾತೂ ತಲೆಗೆ ಹೋಗುವುದಿಲ್ಲ. ಎರಡನೆಯ ಪ್ಯಾರಾದಲ್ಲಿ ಆಕೆಯ ವಾದವನ್ನು ನನ್ನ ಮಾತಿನಲ್ಲಿ, ಆದಷ್ಟು ಬಲವಾಗಿ, ಆರೇಳು ಸಾಲಿನಲ್ಲಿ ಬರೆದೆ. ಇದು ಸೌಜನ್ಯಕ್ಕಾಗಿ ಅಲ್ಲ. ನಾನು ತಪ್ಪಾಗಿ ಓದಿದ್ದರೆ ಅಲ್ಲೇ ಗೊತ್ತಾಗುತ್ತದೆ, ಆಗ ಮುಂದಿನ ಟೀಕೆಯನ್ನು ಆಕೆ ಧೈರ್ಯವಾಗಿ ಪಕ್ಕಕ್ಕಿಡಬಹುದು. ಹೀಗೆ ಬರೆಯುವಾಗಲೇ ನನಗೂ ಗೊತ್ತಾಯಿತು, ಲೇಖನದಲ್ಲಿ ಇದ್ದದ್ದು ಒಂದು ವಾದವಲ್ಲ, ಮೂರು.

ಹೆಸರು ಕನ್ನಡದಿಂದ ಬಂತು ಎಂಬುದು ಒಂದು. ದೇವರ ಆರಾಧನೆ ಕರ್ನಾಟಕದ ಕಡೆಯಿಂದ ಬಂತು ಎಂಬುದು ಇನ್ನೊಂದು. ಆದ್ದರಿಂದ ಅವನು ನಮ್ಮವನು ಎಂಬುದು ಮೂರನೆಯದು. ಮೂರಕ್ಕೂ ಬೇಕಾದ ಸಾಕ್ಷ್ಯ ಬೇರೆ ಬೇರೆ. ಲೇಖನದಲ್ಲಿ ಒಂದರ ಸಾಕ್ಷ್ಯ ಇನ್ನೊಂದಕ್ಕೆ ಸಾಲವಾಗಿ ಹೋಗಿತ್ತು.

ಹೆಸರಿನ ವಿಷಯಕ್ಕೆ ಆಕೆ ಹೊಸದಾಗಿ ಸೇರಿಸಿದ್ದು ಏನೂ ಇರಲಿಲ್ಲ. ವಿಷ್ಣು ಎಂಬುದು ಕನ್ನಡದ ಬಾಯಲ್ಲಿ ಬಿಟ್ಟಿ, ವಿಟ್ಟು ಎಂದಾಗಿ ಅದರಿಂದ ವಿಠ್ಠಲ ಬಂದಿರಬಹುದು ಎಂಬ ಊಹೆಯನ್ನು ಆರ್. ಜಿ. ಭಾಂಡಾರಕರರು 1913ರ ತಮ್ಮ ಪುಸ್ತಕದಲ್ಲೇ ಚರ್ಚಿಸಿದ್ದಾರೆ. ಹೊಯ್ಸಳ ವಿಷ್ಣುವರ್ಧನನ ಬಿಟ್ಟಿದೇವ ಎಂಬ ಹೆಸರು ಅಲ್ಲಿ ಒದಗುತ್ತದೆ. ಇನ್ನು ದೇವರು ದಕ್ಷಿಣದಿಂದ ಬಂದ ವಾದ. ಅದನ್ನು ಮರಾಠಿಯಲ್ಲೇ, ಪುಣೆಯಲ್ಲೇ ಕೂತು, ರಾ. ಚಿಂ. ಢೇರೆಯವರು 1984ರ 'ಶ್ರೀವಿಠ್ಠಲ: ಏಕ ಮಹಾಸಮನ್ವಯ'ದಲ್ಲಿ ವಿಸ್ತಾರವಾಗಿ ಮಂಡಿಸಿದ್ದಾರೆ. ವಿಠ್ಠಲ ದನ ಕುರಿ ಕಾಯುವವರ ದೇವರಾಗಿದ್ದು ದಕ್ಷಿಣದ ನಂಟಿನೊಂದಿಗೆ ಬೆಳೆದವನು ಎಂಬುದು ಅವರ ನಿಲುವು. ಈ ಪುಸ್ತಕ ಲೇಖನದ ಆಧಾರಗಳಲ್ಲಿ ಇರಲಿಲ್ಲ! ನಮ್ಮ ಪಕ್ಕದ ಬೀದಿಯವರು ನಮ್ಮ ಪರವಾಗಿಯೇ ನಲವತ್ತು ವರ್ಷದ ಹಿಂದೆ ವಾದ ಮಾಡಿ ಮುಗಿಸಿದ್ದಾರೆ, ನಾವು ಅವರ ವಿರುದ್ಧ ತೋಳೇರಿಸಿಕೊಂಡು ನಿಂತಿದ್ದೇವೆ. ಮಹಾರಾಷ್ಟ್ರದ ಕನ್ನಡಿಗರ ಬರಹಗಳಲ್ಲಿ ಈ ತಪ್ಪನ್ನು ನಾನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ದಿನವಿಡೀ ಮರಾಠಿಯಲ್ಲಿ ವ್ಯವಹರಿಸುವವರು ಬರೆಯಲು ಕೂತಾಗ ಮಾತ್ರ ಮರಾಠಿ ಓದುವುದಿಲ್ಲ.

ಶಾಸನದ ವಿಷಯ ಸ್ವಲ್ಪ ಸೂಕ್ಷ್ಮ. ಪಂಢರಪುರದ ಗುಡಿಯ ತೊಲೆಯ ಮೇಲೆ 1237ರ ಶಾಸನವಿದೆ. ಹೊಯ್ಸಳ ಸೋಮೇಶ್ವರ ಭೀಮೆಯ ದಂಡೆಯಲ್ಲಿದ್ದಾಗ ದೇವರಿಗೆ ದತ್ತಿ ಕೊಟ್ಟದ್ದು. ಊರನ್ನು ಅದು 'ಪಂಡರಗೆ' ಎನ್ನುತ್ತದೆ. ನಮ್ಮ ಕಿವಿಗೆ ಆ ಹೆಸರಿನ 'ಗೆ' ಬಹಳ ಹಿತ, ಸೊನ್ನಲಿಗೆ ಎಂದಂತೆ. ಲೇಖಕಿಯ ತೀರ್ಮಾನ: ರಾಜ ಕನ್ನಡದವನು, ಶಾಸನದಲ್ಲಿ ಕನ್ನಡವಿದೆ, ಹಾಗಾಗಿ ದೇವರೂ ಕನ್ನಡದವನು. ನನ್ನ ಪತ್ರದಲ್ಲಿ ಇದಕ್ಕೆ ಬರೆದದ್ದನ್ನು ಹಾಗೇ ಕೊಡುತ್ತೇನೆ:

"ಶಾಸನದ ಭಾಷೆ ದತ್ತಿ ಕೊಟ್ಟವರ ಕಚೇರಿಯ ಬಗ್ಗೆ ಮತ್ತು ಅದನ್ನು ಓದಬೇಕಾಗಿದ್ದವರ ಬಗ್ಗೆ ಹೇಳುತ್ತದೆ. ದೇವರ ಹುಟ್ಟಿನ ಬಗ್ಗೆ ಹೇಳುವುದಿಲ್ಲ. ದೇವಗಿರಿಯ ಸೇವುಣರೂ ಹಲವಾರು ಶಾಸನಗಳನ್ನು ಕನ್ನಡದಲ್ಲಿ ಹಾಕಿಸಿದ್ದಾರೆ ಎಂಬುದನ್ನು ನೀವು ಬಲ್ಲಿರಿ. ನಿಮ್ಮ ತರ್ಕದಂತೆ ಹೋದರೆ ಅವರು ದತ್ತಿ ಕೊಟ್ಟ ದೇವರುಗಳೆಲ್ಲ ಕನ್ನಡದವರಾಗಬೇಕಾಗುತ್ತದೆ. ಈ ಶಾಸನದಿಂದ ನೀವು ಧೈರ್ಯವಾಗಿ ಹೇಳಬಹುದಾದದ್ದು: ಹದಿಮೂರನೆಯ ಶತಮಾನದ ಮೊದಲರ್ಧದಲ್ಲಿ ಕನ್ನಡದ ಅರಸನೊಬ್ಬನಿಗೆ ಈ ಗುಡಿ ದತ್ತಿ ಕೊಡುವಷ್ಟು ಮುಖ್ಯವಾಗಿತ್ತು. ಇದು ಸಣ್ಣ ಮಾತಲ್ಲ. ಇಷ್ಟಕ್ಕೇ ನಿಲ್ಲಿ."

'ಕಾನಡಾ' ಎಂಬ ಪದಕ್ಕೂ ಹೀಗೇ. ಮರಾಠಿಯಲ್ಲಿ ಆ ಪದಕ್ಕೆ ಕನ್ನಡದವನು ಎಂಬ ಅರ್ಥವೂ ಇದೆ, ಅರ್ಥವಾಗದವನು, ಬಗೆಹರಿಯದವನು ಎಂಬ ಅರ್ಥವೂ ಇದೆ. (ನಮ್ಮ ಭಾಷೆ ನೆರೆಯವರಿಗೆ ಒಗಟಿನ ಹೆಸರಾಯಿತು ಎನ್ನುವುದು ಬೇರೆಯೇ ಕಥೆ. ಅದನ್ನೂ ಯಾರಾದರೂ ಬರೆಯಬೇಕು.) ಅಭಂಗ ಎರಡು ಅರ್ಥಗಳೊಡನೆಯೂ ಆಡುತ್ತಿದೆ ಎಂದು ಓದುವವರಿದ್ದಾರೆ. ಲೇಖಕಿ ಒಂದೇ ಅರ್ಥ ತೆಗೆದುಕೊಂಡು ಎರಡನೆಯದಿದೆ ಎಂದು ಸೂಚಿಸಲೂ ಇಲ್ಲ. ಎದುರಾಳಿಯ ಕೈಯಲ್ಲಿರುವ ಕಲ್ಲನ್ನು ನಾವೇ ಮೊದಲು ಎತ್ತಿ ತೋರಿಸಿದರೆ ಅವನಿಗೆ ಎಸೆಯಲು ಏನೂ ಉಳಿಯುವುದಿಲ್ಲ ಎಂದು ಬರೆದೆ.

ಮೂರನೆಯ ವಾದ, ಅಂದರೆ 'ನಮ್ಮದು' ಎಂಬುದು, ಸಂಶೋಧನೆಯ ವಾದವೇ ಅಲ್ಲ. ಹಕ್ಕಿನ ಮಾತು. ಅದನ್ನು ಬಿಡಿ ಎಂದೆ. ಆಕೆಗೆ ಅತಿ ಹೆಚ್ಚು ನೋವಾದದ್ದು ಇದರಿಂದಲೇ ಎಂದು ಆಮೇಲೆ ತಿಳಿಯಿತು.

ಇಷ್ಟಕ್ಕೇ ಪತ್ರ ನಿಂತಿದ್ದರೆ ಅದು ಬುದ್ಧಿವಂತಿಕೆಯ ಪ್ರದರ್ಶನವಾಗುತ್ತಿತ್ತು, ದಾರಿ ತೋರಿಸಿದಂತೆ ಆಗುತ್ತಿರಲಿಲ್ಲ. ನಲವತ್ತೆರಡು ಪುಟದಲ್ಲಿ ಮೂವತ್ತೊಂದನೆಯ ಪುಟದಿಂದ ಮುಂದೆ ಐದು ಪುಟ ಬೇರೆಯೇ ಆಗಿತ್ತು. ಅಲ್ಲಿ ಆಕೆ ತನ್ನ ಅಜ್ಜಿ ಮತ್ತು ಅಜ್ಜಿಯ ಜೊತೆಗಾರ್ತಿಯರು ವಾರಿಯ ಹಾದಿಯಲ್ಲಿ ಹಾಡುತ್ತಿದ್ದ ಕನ್ನಡ ಹಾಡುಗಳನ್ನು ಬರೆದುಕೊಂಡಿದ್ದಳು. ಹದಿನೇಳು ಹಾಡು. ಅವುಗಳಲ್ಲಿ ವಿಠ್ಠಲ ಅತ್ತೆಮನೆಯಿಂದ ಕರೆದೊಯ್ಯಲು ಬಂದ ಅಣ್ಣನ ಹಾಗೆ ಮಾತಾಡುತ್ತಾನೆ, ರುಕುಮಾಯಿ ಸಿಟ್ಟಿಗೆದ್ದು ಜೋಳದ ಹೊಲದಲ್ಲಿ ಕೂತಿರುತ್ತಾಳೆ. ಇದನ್ನು ಲೇಖಕಿ 'ವಿಠ್ಠಲ ಕನ್ನಡದವನು' ಎಂಬುದಕ್ಕೆ ಹದಿನಾರನೆಯದೋ ಹದಿನೇಳನೆಯದೋ ಸಾಕ್ಷಿಯಾಗಿ ತುರುಕಿದ್ದಳು. ಮೊದಲ ಪರಿಶೀಲಕರು ಈ ಪುಟಗಳ ಅಂಚಿನಲ್ಲಿ 'ವೈಯಕ್ತಿಕ, ತೆಗೆಯಿರಿ' ಎಂದು ಬರೆದಿದ್ದರು.

ಲೇಖನದಲ್ಲಿ ಬೇರೆ ಯಾರ ಬಳಿಯೂ ಇಲ್ಲದ ವಸ್ತು ಅದೊಂದೇ ಆಗಿತ್ತು! ನನ್ನ ಪತ್ರದ ಎರಡು ಪುಟ ಈ ಐದು ಪುಟಗಳಿಗೇ ಹೋಯಿತು. "ನಿಮ್ಮ ಲೇಖನ ಇಲ್ಲಿ ಶುರುವಾಗುತ್ತದೆ. ವಿಠ್ಠಲ ಎಲ್ಲಿಂದ ಬಂದ ಎಂಬ ಪ್ರಶ್ನೆಗೆ ಈ ಹಾಡುಗಳು ಉತ್ತರ ಕೊಡಲಾರವು. ಆದರೆ ಕನ್ನಡದ ಹೆಂಗಸರು ಮರಾಠಿಯ ದಿಂಡಿಗಳ ನಡುವೆ ನಡೆಯುತ್ತ ಅವನೊಡನೆ ಯಾವ ಭಾಷೆಯಲ್ಲಿ, ಯಾವ ಸಲಿಗೆಯಲ್ಲಿ ಮಾತಾಡಿದರು ಎಂಬುದಕ್ಕೆ ಇವೇ ಉತ್ತರ" ಎಂದು ಬರೆದೆ. ಆಮೇಲೆ ಏನೇನು ಬೇಕು ಎಂದು ಹೇಳಿದೆ. ಪ್ರತಿ ಹಾಡನ್ನು ಯಾರು ಹಾಡಿದರು, ಯಾವ ಊರಿನವರು, ಯಾವ ವರ್ಷ ಬರೆದುಕೊಂಡದ್ದು, ಹಾದಿಯಲ್ಲೋ ಮನೆಯಲ್ಲೋ. ನೆನಪಿನಿಂದ ಬರೆದದ್ದಾದರೆ ನೆನಪಿನಿಂದ ಎಂದೇ ಹೇಳಬೇಕು. ಒಂದೇ ಹಾಡನ್ನು ಕನಿಷ್ಠ ಇನ್ನೊಬ್ಬರ ಬಾಯಲ್ಲಿ ಕೇಳಿ, ಎಲ್ಲಿ ಬದಲಾಗಿದೆ ನೋಡಬೇಕು. ಎಲ್ಲಿ ಮರಾಠಿ ಪದ ಉಳಿದುಕೊಂಡಿದೆ, ಎಲ್ಲಿ ಕನ್ನಡವಾಗಿದೆ ಎಂದು ಗುರುತು ಹಾಕಬೇಕು. ಹಾಡಿದವರು ಬದುಕಿದ್ದರೆ ಅಚ್ಚು ಹಾಕಲು ಅವರ ಒಪ್ಪಿಗೆ ಕೇಳಬೇಕು. ಮತ್ತು ಮುಖ್ಯವಾಗಿ, 'ವಿಠ್ಠಲ ನಮ್ಮವನು' ಎಂದು ಹಾಡು ಹೇಳಿದರೆ ಅದು ಹಾಡಿನ ಮಾತು. ಅದನ್ನು ನಿಮ್ಮ ತೀರ್ಮಾನವಾಗಿ ಬರೆಯಬೇಡಿ, ಯಾಕೆ ಹಾಗೆ ಹೇಳುತ್ತಾರೆ ಎಂದು ಕೇಳಿ.

ನೋಡಿ, ಬಿಡಿ ಎಂದಿದ್ದ ಮೂರನೆಯ ವಾದ ಇಲ್ಲಿ ವಾಪಸು ಬಂತು, ಈ ಸಲ ಸಂಶೋಧನೆಯ ವಸ್ತುವಾಗಿ.

ಕೊನೆಗೆ ಎರಡು ಮಾತು. ಇದು 'ತಿದ್ದಿ ಕಳಿಸಿ' ಅಲ್ಲ, ತಿರಸ್ಕಾರವೇ. ಹಾಡುಗಳ ಮೇಲೆ ಹೊಸ ಲೇಖನ ಬರೆದರೆ ಹೊಸದಾಗಿಯೇ ಪರಿಶೀಲಕರಿಗೆ ಹೋಗುತ್ತದೆ, ಪ್ರಕಟವಾಗುತ್ತದೆಂಬ ಭರವಸೆ ಇಲ್ಲ. ಜಾನಪದದ ಪತ್ರಿಕೆಗಳೂ ಇದಕ್ಕೆ ಹೊಂದುತ್ತವೆ, ನಮಗೇ ಕೊಡಬೇಕೆಂದಿಲ್ಲ. ಇಷ್ಟು ಸ್ಪಷ್ಟವಾಗಿ ಹೇಳದೆ 'ಸುಧಾರಿಸಿದರೆ ಪರಿಗಣಿಸಬಹುದು' ಎಂದು ಬಾಗಿಲನ್ನು ಅರೆ ತೆರೆದಿಟ್ಟು, ಜನರನ್ನು ವರ್ಷಗಟ್ಟಲೆ ಅಂಗಳದಲ್ಲಿ ನಿಲ್ಲಿಸುವ ಸಂಪಾದಕರನ್ನು ಬಲ್ಲೆ. ಒಂದು ಸಾಲಿನ ತಿರಸ್ಕಾರಕ್ಕಿಂತ ಅದು ಕ್ರೂರ.

ಈಗ ಆ ಹಿರಿಯರ ಮಾತಿಗೆ ಬರುತ್ತೇನೆ. ಜಗಳಕ್ಕೆ ಬರುತ್ತಾರೆ ಎಂದರಲ್ಲ, ಅವರ ಭಯ ಕಾರಣವಿಲ್ಲದ್ದಲ್ಲ. 2004ರ ಜನವರಿ 5ರಂದು, ಶಿವಾಜಿಯ ಮೇಲಿನ ಒಂದು ಪುಸ್ತಕದ ನೆಪದಲ್ಲಿ, ಪುಣೆಯ ಭಾಂಡಾರಕರ ಸಂಸ್ಥೆಯ ಮೇಲೆ ದಾಳಿ ನಡೆಯಿತು. ಕಲಬುರ್ಗಿಯವರು 1989ರಲ್ಲಿ ತಮ್ಮ 'ಮಾರ್ಗ'ದ ಬರಹಗಳನ್ನು ಹಿಂತೆಗೆದುಕೊಳ್ಳಬೇಕಾಯಿತು, 2015ರಲ್ಲಿ ಧಾರವಾಡದ ತಮ್ಮ ಮನೆಯ ಬಾಗಿಲಲ್ಲೇ ಕೊಲೆಯಾದರು. ವೆಂಡಿ ಡೋನಿಗರರ ಪುಸ್ತಕವನ್ನು 2014ರಲ್ಲಿ ಪ್ರಕಾಶಕರೇ ಹಿಂತೆಗೆದರು. ಇದನ್ನೆಲ್ಲ ಕಂಡ ಸಂಪಾದಕ ಹೆದರಿದರೆ ನಾನು ನಗುವುದಿಲ್ಲ. ನನಗೂ ಹೆದರಿಕೆ ಇದೆ.

ಆದರೆ ಹೆದರಿ ತಿರಸ್ಕರಿಸಿದ್ದನ್ನು 'ಗುಣಮಟ್ಟ ಸಾಲದು', 'ವ್ಯಾಪ್ತಿಗೆ ಬರುವುದಿಲ್ಲ' ಎಂದು ಬರೆಯಬೇಡಿ. ಯಾಕೆಂದರೆ ಓದುವವರಿಗೆ ಯಾವುದು ಭಯದ ತಿರಸ್ಕಾರ, ಯಾವುದು ದೋಷದ ತಿರಸ್ಕಾರ ಎಂದು ತಿಳಿಯುವುದಿಲ್ಲ. ಲೇಖನ ನಿಜಕ್ಕೂ ದುರ್ಬಲವಾಗಿದ್ದವರು 'ಸತ್ಯ ಹೇಳಿದ್ದಕ್ಕೆ ನನ್ನನ್ನು ತಡೆದರು' ಎಂದು ಹುತಾತ್ಮರಾಗುತ್ತಾರೆ. ಲೇಖನ ಗಟ್ಟಿಯಾಗಿದ್ದವರು 'ನನಗೆ ಬರೆಯಲು ಬರುವುದಿಲ್ಲ' ಎಂದುಕೊಂಡು ಬಿಟ್ಟುಬಿಡುತ್ತಾರೆ. ಭಯವಿದ್ದರೆ ಅದನ್ನೇ ಬರೆಯಿರಿ: ಲೇಖನದಲ್ಲಿ ದೋಷ ಕಾಣಲಿಲ್ಲ, ಆದರೆ ಇದನ್ನು ಹಾಕಿದರೆ ಬರುವ ತೊಂದರೆಯನ್ನು ತಡೆದುಕೊಳ್ಳುವ ಶಕ್ತಿ ನಮ್ಮ ಸಂಸ್ಥೆಗಿಲ್ಲ, ಬೇರೆ ಕಡೆ ಪ್ರಯತ್ನಿಸಿ. ಇಂಥ ಪತ್ರವನ್ನು ನಾನು ಒಮ್ಮೆ ಬರೆದಿದ್ದೇನೆ. ಬರೆಯುವಾಗ ನಾಚಿಕೆಯಾಯಿತು. ನಾಚಿಕೆಯಾಗಬೇಕಾದದ್ದೇ. ಪಡೆದವರು ಮಾತ್ರ ಒಂದೇ ವಾರದಲ್ಲಿ ಬೇರೆಡೆ ಕಳಿಸಿದರು, ಅಲ್ಲಿ ಅದು ಬಂತು.

ಪುರುಸೊತ್ತಿಲ್ಲ ಎನ್ನುವವರೂ ಇದ್ದಾರೆ. ನಮ್ಮದು ಸಂಬಳವಿಲ್ಲದ ಕೆಲಸ, ರಾತ್ರಿ ಊಟ ಆದಮೇಲೆ ಮಾಡುವಂಥದು. ಈ ಪತ್ರಕ್ಕೆ ನನಗೆ ಎರಡು ಭಾನುವಾರ ಹೋಯಿತು. ಬಂದ ಎಲ್ಲ ಲೇಖನಕ್ಕೂ ಹೀಗೆ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಮೊದಲ ಎರಡು ಪುಟದಲ್ಲೇ ಇದು ಪ್ರವಚನ ಅಥವಾ ಪ್ರವಾಸಕಥನ ಎಂದು ಗೊತ್ತಾದರೆ ಅದೇ ವಾರ ಮೂರು ಸಾಲು ಬರೆದು ತಿಳಿಸಬಹುದು, ಆರು ತಿಂಗಳು ಇಟ್ಟುಕೊಳ್ಳಬಾರದು. ಆದರೆ ಇಬ್ಬರು ಪರಿಶೀಲಕರಿಂದ ಓದಿಸಿ, ಒಬ್ಬ ಮನುಷ್ಯನ ಎಂಟು ತಿಂಗಳನ್ನು ತೆಗೆದುಕೊಂಡ ಮೇಲೆ ಎರಡು ಭಾನುವಾರ ಕೊಡದಿದ್ದರೆ ಅದು ಸಾಲ ಉಳಿಸಿಕೊಂಡಂತೆ. ಆ ಸಾಲವನ್ನು ತೀರಿಸಲು ಬೇರೆಯವರು ಕಾದು ಕೂತಿರುತ್ತಾರೆ: ಹಣ ಕಟ್ಟಿದರೆ ಹತ್ತು ದಿನದಲ್ಲಿ ಅಚ್ಚು ಹಾಕುವ 'ಅಂತಾರಾಷ್ಟ್ರೀಯ' ಪತ್ರಿಕೆಗಳು. ನಮ್ಮ ಒಂದು ಸಾಲಿನ ಪತ್ರ ಹಿಡಿದ ಎಷ್ಟೋ ವಿದ್ಯಾರ್ಥಿಗಳು ನೇರ ಅಲ್ಲಿಗೆ ಹೋಗುತ್ತಾರೆ. ಅಲ್ಲಿ ಭಾನುದಾಸರು ವಿಗ್ರಹವನ್ನು ತಂದೇ ತಂದರು, ಶಾಸನ ದೇವರ ಜಾತಕವಾಗಿಯೇ ಉಳಿಯಿತು, ಹದಿನೇಳು ಹಾಡುಗಳು ಸಾಕ್ಷಿ ಸಂಖ್ಯೆ ಹದಿನಾರಾಗಿ ಹೂತುಹೋದವು. ಆಮೇಲೆ ಸಂಶೋಧನೆಯ ಮಟ್ಟ ಕುಸಿದಿದೆ ಎಂದು ವಿಚಾರಸಂಕಿರಣದಲ್ಲಿ ಭಾಷಣ ಮಾಡುವವರು ನಾವೇ.

ಉದ್ದದ ಪತ್ರಕ್ಕೂ ಅಪಾಯವಿಲ್ಲವೆಂದಲ್ಲ. ಸಂಪಾದಕನಿಗೆ ತನ್ನದೇ ಹುಚ್ಚುಗಳಿರುತ್ತವೆ. ಪರಿಶೀಲಕರಲ್ಲಿ ಒಬ್ಬರು ಯಾವ ಲೇಖನ ಬಂದರೂ 'ದುರ್ಖೈಮನ ಸೈದ್ಧಾಂತಿಕ ಚೌಕಟ್ಟನ್ನು ಸೇರಿಸಿ' ಎನ್ನುತ್ತಾರೆ, ಉಪ್ಪು ಹಾಕಿ ಎಂದಂತೆ. ನನಗೆ ಹಾಡುಗಳ ಮೋಹವಿದೆ, ಒಪ್ಪುತ್ತೇನೆ. ಆಕೆ ಬರೆಯಬೇಕೆಂದಿದ್ದ ಲೇಖನವನ್ನು ಬಿಟ್ಟು ನಾನು ಓದಬೇಕೆಂದಿದ್ದ ಲೇಖನವನ್ನು ಹೇರಿದೆನೋ ಎಂಬ ಅನುಮಾನ ಪತ್ರ ಕಳಿಸಿದ ಮೇಲೂ ಉಳಿಯಿತು. ಅದಕ್ಕೇ ಒಂದು ವಾಕ್ಯ ಸೇರಿಸಿದ್ದೆ: ಶಾಸನಗಳ ಮೇಲೆಯೇ ಬರೆಯಬೇಕೆಂದಿದ್ದರೆ ಢೇರೆಯವರನ್ನು ಓದಿ, ಅವರನ್ನು ಎಲ್ಲಿ ಒಪ್ಪುವುದಿಲ್ಲ ಎಂಬಲ್ಲಿಂದ ಶುರು ಮಾಡಿ, ಆ ದಾರಿಯೂ ಇದೆ.

ಉತ್ತರ ಹನ್ನೊಂದು ದಿನ ಬರಲಿಲ್ಲ. ಬಂದಾಗ ಅರ್ಧ ಪುಟ ಸಿಟ್ಟಿತ್ತು. 'ನಮ್ಮಜ್ಜಿಯ ಹಾಡು ಸಂಶೋಧನೆ, ನನ್ನ ಶಾಸನ ಸಂಶೋಧನೆಯಲ್ಲ ಎಂದರೆ ಏನರ್ಥ ಸರ್? ಹೆಂಗಸರು ಹಾಡು ಕೂಡಿಸಲಿ, ಇತಿಹಾಸ ಗಂಡಸರು ಬರೆಯಲಿ ಎಂದೇ?' ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಎರಡು ದಿನ ಯೋಚಿಸಿ, ಪತ್ರದ ಆ ಭಾಗವನ್ನು ಮತ್ತೆ ಓದಿ, ಅದಕ್ಕೂ ಉತ್ತರ ಬರೆದೆ. ಒಂದು ಕಡೆ ನನ್ನ ಮಾತು ತಪ್ಪಾಗಿತ್ತು ಎಂದೂ ಬರೆದೆ. ಒಂದು ಸಾಲಿನ ತಿರಸ್ಕಾರ ಕಳಿಸಿದ್ದರೆ ನನಗೆ ಈ ಪೆಟ್ಟು ಬೀಳುತ್ತಿರಲಿಲ್ಲ.

ಆಷಾಢದಲ್ಲಿ ಆಕೆ ಧ್ವನಿಮುದ್ರಣದ ಯಂತ್ರ ಹಿಡಿದು ವಾರಿಗೆ ಹೋಗಿದ್ದಳಂತೆ. ಹೋದ ವಾರ ಹತ್ತೊಂಬತ್ತು ಪುಟ ಬಂದಿದೆ. ಹಾಡುಗಳು ಹದಿನೇಳರಿಂದ ಒಂಬತ್ತಕ್ಕೆ ಇಳಿದಿವೆ, ಉಳಿದವಕ್ಕೆ ಎರಡನೆಯ ಹಾಡುಗಾರ್ತಿ ಸಿಗಲಿಲ್ಲ ಎಂದು ಅಡಿಟಿಪ್ಪಣಿಯಲ್ಲಿದೆ. 1237ರ ಶಾಸನಕ್ಕೆ ಒಂದು ಪ್ಯಾರಾ, ಢೇರೆಯವರ ಜೊತೆ ಎರಡು ಪುಟದ ಜಗಳ. ಈ ಸಲ ಬೇರೆ ಇಬ್ಬರು ಪರಿಶೀಲಕರಿಗೆ ಕಳಿಸಿದ್ದೇನೆ. ಒಬ್ಬರು ಮರಾಠಿಯವರು.